ನಲವತ್ತೇಳನೇ ಪ್ರಶ್ನೆಯ ಸರದಿ

ಕೆಂಪು ಬಣ್ಣವನ್ನು ಮೊದಲು ಸುರಿದಳು. ಕೈ ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷದಿಂದ ನೇರಳೆಯ ಬಾಟಲಿಗೇ ಮೊದಲು ಚಾಚಿ ರೂಢಿಯಾದ ಕೈ ಅದು. ರೋಗಾಣು ಹಚ್ಚಿದ ಎರಡು ಗಾಜಿನ ಪಟ್ಟಿಗಳ ಮೇಲೆ ಕೆಂಪು ಹರಡಿತು. ಗಡಿಯಾರ ನೋಡಿ ಒಂದು ನಿಮಿಷ ಕಾದಳು, ನಲ್ಲಿ ತಿರುಗಿಸಿ ತೊಳೆದಳು. ಆಮೇಲೆ ಮದ್ಯಸಾರ. ಹಚ್ಚಿದ ಕೆಂಪಿನಲ್ಲಿ ಬಹುಪಾಲು ಕಣ್ಣೆದುರೇ ಕರಗಿ ತೊಟ್ಟಿಗೆ ಇಳಿಯಿತು. ಆಮೇಲೆ ಅಯೋಡಿನ್. ಕೊನೆಗೆ ನೇರಳೆ.

"ಮೊದಲು ಬಟ್ಟೆ ಇಸ್ತ್ರಿ ಮಾಡಿ, ಆಮೇಲೆ ಒಗೆದು, ಆಮೇಲೆ ನೆನೆಹಾಕಿದ ಹಾಗಾಯ್ತು" ಎಂದರು ಬಾಗಿಲಲ್ಲಿ ನಿಂತಿದ್ದ ಇತಿಹಾಸದ ಮೇಷ್ಟ್ರು. ಪ್ರಯೋಗಾಲಯದ ಒಳಗೆ ಬರಲು ಅವರಿಗೆ ಒಂದು ಥರ ಅಂಜಿಕೆ. ಯಾವುದನ್ನು ಮುಟ್ಟಿದರೆ ಯಾವುದು ಅಂಟಿಕೊಳ್ಳುತ್ತದೋ ಎಂದು.

"ಅಷ್ಟೇ ಸರ್. ನೀವು ಸರಿಯಾಗಿ ಹೇಳಿದ್ರಿ."

"ಸರಿಯಾಗಿ ಹೇಳೋದು ನನ್ನ ದೌರ್ಬಲ್ಯ. ಬೇಗ ಬನ್ನಿ, ಮೇಲೆ ಕಾರ್ಯದರ್ಶಿಗಳು ಟೀ ತರಿಸಿ ಕೂತಿದ್ದಾರೆ. ನನ್ನ ಡಬ್ಬಿ ಮುಗೀತು, ಇನ್ನು ನಿಮ್ಮ ಬಣ್ಣ."

ಡಬ್ಬಿ ಎಂದರೆ ನಲವತ್ತಾರನೇ ಪ್ರಶ್ನೆ. ಆಸ್ಪತ್ರೆಗಳಿಗೆ ಪ್ರಯೋಗಾಲಯ ತಂತ್ರಜ್ಞರನ್ನು ಆರಿಸುವ ಪರೀಕ್ಷೆ ಅದು. ಅದರ ಸಾಮಾನ್ಯ ಜ್ಞಾನದ ಭಾಗವನ್ನು ಮೇಷ್ಟ್ರು ಬರೆದಿದ್ದರು. ನಾಲ್ಕು ವಸ್ತುಗಳನ್ನು ಬಳಕೆಗೆ ಬಂದ ಕಾಲಾನುಕ್ರಮದಲ್ಲಿ ಜೋಡಿಸಬೇಕು: ಆಹಾರ ಕೆಡದಂತೆ ತುಂಬಿಡುವ ತಗಡಿನ ಡಬ್ಬಿ, ಉಜ್ಜಿ ಹಚ್ಚುವ ಬೆಂಕಿಕಡ್ಡಿ, ಡಬ್ಬಿ ತೆರೆಯುವ ಸಾಧನ, ದೂರವಾಣಿ. ಹನ್ನೊಂದು ಮಂದಿ ಆಕ್ಷೇಪಣೆ ಹಾಕಿದ್ದರು. ತೆರೆಯುವ ಸಾಧನ ಇಲ್ಲದೆ ಡಬ್ಬಿ ಯಾರು ಮಾಡುತ್ತಾರೆ, ಎರಡೂ ಒಟ್ಟಿಗೇ ಬಂದಿರಬೇಕು, ಮಂಡಳಿ ಪ್ರಕಟಿಸಿದ ಕೀ ಉತ್ತರ ತಪ್ಪು ಎಂದು. ಮೇಷ್ಟ್ರು ಬೆಳಿಗ್ಗೆ ಮೂರು ಪುಸ್ತಕ ಹೊತ್ತು ತಂದು, ಡಬ್ಬಿ ೧೮೧೦ಕ್ಕೆ, ತೆರೆಯುವ ಸಾಧನ ೧೮೫೦ರ ದಶಕಕ್ಕೆ, ನಡುವಿನ ನಲವತ್ತು ವರ್ಷ ಜನ ಉಳಿ ಸುತ್ತಿಗೆ ಹಿಡಿದು ಊಟ ಮಾಡಿದರು ಎಂದು ತೋರಿಸಿ ಕೂತಿದ್ದರು. ಹನ್ನೊಂದೂ ತಿರಸ್ಕಾರ. ಇಸವಿಯ ವಿಷಯದಲ್ಲಿ ಅವರ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ನಲವತ್ತೇಳಕ್ಕೆ ಬಂದದ್ದು ಒಂದೇ ಆಕ್ಷೇಪಣೆ.

ಆ ಪ್ರಶ್ನೆ ಅವಳದು. ರೋಗಾಣುಗಳನ್ನು ಎರಡು ಗುಂಪಾಗಿ ಬೇರ್ಪಡಿಸುವ ಗ್ರಾಂ ಬಣ್ಣದ ಪರೀಕ್ಷೆಯ ನಾಲ್ಕು ಹಂತಗಳನ್ನು ಸರದಿಯಲ್ಲಿ ಜೋಡಿಸಬೇಕು. ನೇರಳೆ ಬಣ್ಣ, ಅದನ್ನು ಕಚ್ಚಿ ಹಿಡಿಸಲು ಅಯೋಡಿನ್, ಹಿಡಿದುಕೊಳ್ಳದವುಗಳಿಂದ ತೊಳೆದು ತೆಗೆಯಲು ಮದ್ಯಸಾರ, ಹಾಗೆ ಬಣ್ಣ ಕಳೆದುಕೊಂಡವನ್ನು ಕಾಣಿಸಲು ಕೆಂಪು. ನೇರಳೆಯಾಗಿ ಉಳಿದದ್ದು ಒಂದು ಗುಂಪು, ಕೆಂಪಾದದ್ದು ಇನ್ನೊಂದು. ಯಾವ ಔಷಧಿ ಕೊಡಬೇಕೆಂದು ವೈದ್ಯರು ಮೊದಲು ಯೋಚಿಸುವುದು ಇದರ ಮೇಲೆ. ಸರದಿ ತಪ್ಪಿದರೆ ಪರೀಕ್ಷೆ ಮಾಡಿಯೂ ಮಾಡದಂತೆ.

ಆಕ್ಷೇಪಣೆ ಹಾಕಿದವನು ಯಾವುದೋ ಸಣ್ಣ ಆಸ್ಪತ್ರೆಯಲ್ಲಿ ದಿನಗೂಲಿಯ ತಂತ್ರಜ್ಞ. ಪುಸ್ತಕದ ಪುಟ ಲಗತ್ತಿಸಿರಲಿಲ್ಲ. 'ಸಿ ಸರಣಿಯ ಕೀ ಉತ್ತರದಂತೆ ಮಾಡಿ ನೋಡಿದೆ. ಎರಡು ಗುಂಪಿನವೂ ನೇರಳೆ ಬಂದವು. ಮಾನ್ಯರು ತಾವೂ ಒಮ್ಮೆ ಮಾಡಿ ನೋಡಬೇಕಾಗಿ ವಿನಂತಿ' ಎಂದು ಬರೆದು, ಎರಡು ಫೋಟೊ ಅಂಟಿಸಿದ್ದ.

ಮಾನ್ಯರು ಮಾಡಿ ನೋಡಿದರು. ಒದ್ದೆ ಒತ್ತಿ ತೆಗೆದು, ಎಣ್ಣೆಯ ಹನಿ ಇಟ್ಟು, ಸೂಕ್ಷ್ಮದರ್ಶಕದ ಹೆಚ್ಚಿನ ಮಸೂರ ಇಳಿಸಿದಳು. ಮೊದಲ ಪಟ್ಟಿಯಲ್ಲಿ ದ್ರಾಕ್ಷಿ ಗೊಂಚಲಿನಂಥ ದುಂಡು ಜೀವಿಗಳು, ನೇರಳೆ. ಅವು ನೇರಳೆಯಾಗಿಯೇ ಇರಬೇಕಾದವು. ಎರಡನೆಯದರಲ್ಲಿ ಸಣ್ಣ ಕಡ್ಡಿಗಳು. ಅವು ಕೆಂಪಾಗಬೇಕಿತ್ತು. ಅವೂ ನೇರಳೆ.

"ಏನು ಕಾಣ್ತಿದೆ?" ಎಂದರು ಮೇಷ್ಟ್ರು.

"ನನ್ನ ಮುಖ" ಎಂದು ಕೈ ತೊಳೆದುಕೊಂಡಳು.

ಮೆಟ್ಟಿಲು ಹತ್ತುವಾಗ ಅವಳಿಗೆ ಎಲ್ಲವೂ ತಿಳಿದುಹೋಗಿತ್ತು. ಗೋಪ್ಯ ಕೊಠಡಿಯಲ್ಲಿ ಪ್ರಶ್ನೆ ಅಂತಿಮಗೊಳಿಸುವಾಗ ಅವಳದೊಂದು ರೀತಿಯಿತ್ತು. ಹಂತಗಳನ್ನು ಚೀಟಿಗಳಲ್ಲಿ ಬರೆದು, ಇಸ್ಪೀಟಿನ ಎಲೆಯಂತೆ ಕಲಸಿ, ಬಂದ ಹಾಗೆ ಮೇಲಿಂದ ಕೆಳಗೆ ಇಡುವುದು. ಕಾಪಿ ಹೊಡೆಯದಿರಲೆಂದು ಪ್ರಶ್ನೆಪತ್ರಿಕೆಯ ನಾಲ್ಕು ಸರಣಿಗೂ ಬೇರೆ ಬೇರೆ ಕಲಸು. ಆಮೇಲೆ ಪ್ರತಿ ಚೀಟಿಯ ಪಕ್ಕ, ಅದು ಎಷ್ಟನೆಯ ಹಂತ ಎಂದು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಸಿ ಸರಣಿಯಲ್ಲಿ ಚೀಟಿಗಳು ಬಿದ್ದದ್ದು ಹೀಗೆ: ಒಂದು ಅಯೋಡಿನ್, ಎರಡು ಕೆಂಪು, ಮೂರು ನೇರಳೆ, ನಾಲ್ಕು ಮದ್ಯಸಾರ. ಸರಿ ಉತ್ತರ ೩-೧-೪-೨. ಮೊದಲು ಮೂರನೆಯದು, ಆಮೇಲೆ ಒಂದನೆಯದು, ಹೀಗೆ. ಆದರೆ ಚೀಟಿಗಳ ಪಕ್ಕದ ಪೆನ್ಸಿಲಿನ ಸಾಲು ಬೇರೆ: ಅಯೋಡಿನ್ ಎರಡನೆಯ ಹಂತ, ಕೆಂಪು ನಾಲ್ಕನೆಯದು, ನೇರಳೆ ಒಂದನೆಯದು, ಮದ್ಯಸಾರ ಮೂರನೆಯದು. ೨-೪-೧-೩. ಕೀ ಬರೆಯುವ ಹೊತ್ತಿಗೆ ಅವಳು ಪೆನ್ಸಿಲಿನ ಸಾಲನ್ನೇ ಎತ್ತಿ ಬರೆದಿದ್ದಳು. ಮಕ್ಕಳು ಹೀಗೆ ಗೊಂದಲ ಮಾಡಿಕೊಳ್ಳುತ್ತಾರೆಂದು ಆ ಸಾಲನ್ನು ಆಯ್ಕೆಗಳಲ್ಲಿ ಬಲೆಯಾಗಿ ಇಟ್ಟವಳೂ ಅವಳೇ.

ಉಳಿದ ಮೂರು ಸರಣಿಗಳಿಗೂ ಹಾಗೆಯೇ ಎತ್ತಿ ಬರೆದಿದ್ದಳು. ಎ ಸರಣಿಗೆ ೨-೧-೪-೩, ಬಿ ಸರಣಿಗೆ ೪-೩-೨-೧, ಡಿ ಸರಣಿಗೆ ೩-೪-೧-೨. ಈ ಮೂರು ಕಲಸುಗಳಲ್ಲಿ ಎರಡು ಬಗೆಯ ಸಾಲೂ ಒಂದೇ ಆಗಿಬಿಡುತ್ತದೆ. ತಾಳೆ ನೋಡಿದವರು ಎ ನೋಡಿದರು, ಬಿ ನೋಡಿದರು, ಸರಿಯಿದೆ ಎಂದರು. ಸಿ ಒಂದರಲ್ಲಿ ಕಾಲು ಮೇಲಾಗಿ, ತಲೆ ಕೆಳಗಾಗಿ, ಇಡೀ ಪರೀಕ್ಷೆ ಹಿಂದಿನಿಂದ ಮುಂದಕ್ಕೆ ನಡೆದಿತ್ತು.

ಹಂತ ಎಂದರೆ ಅವಳಿಗೆ ಹುಚ್ಚು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ಅಮ್ಮನ ಹತ್ರ ಟೀ ಕೇಳಬೇಡಿ ಅಜ್ಜಿ, ಮೊದಲು ಹಂತ ಬರೆದು ತೋರಿಸು ಅಂತಾಳೆ" ಎಂದು ಮಗಳು ಹಂಗಿಸಿದರೆ, "ಕೇಳಿದ್ರೆ ತಪ್ಪೇನೇ, ನೀನು ಹಾಲು ಮೊದಲು ಉಕ್ಕಿಸಿ ಆಮೇಲೆ ಓಡಿ ಬರೋಳು" ಎಂದು ಅತ್ತೆ ಸೊಸೆಯ ಪಕ್ಷ ವಹಿಸುತ್ತಿದ್ದರು. ಹದಿನಾಲ್ಕು ವರ್ಷದಿಂದ ಪ್ರಶ್ನೆ ಬರೆಯುವವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಪಾಠ ಮಾಡುವುದು ಅವಳ ಉದ್ಯೋಗವಾದರೆ, ಇದು ಅವಳ ಸ್ವಂತದ್ದು. ಮುಂದಿನ ವರ್ಷ ಪ್ರಶ್ನೆ ಸಮಿತಿಯ ಅಧ್ಯಕ್ಷರ ಕುರ್ಚಿ ಅವಳಿಗೇ ಎಂದು ಎಲ್ಲರೂ ಹೇಳುತ್ತಿದ್ದರು. ನಿಯಮವೂ ಅವಳಿಗೆ ಗೊತ್ತಿತ್ತು. ಬರೆದವರ ಕೈಯಿಂದಲೇ ಕೀ ತಪ್ಪಿದರೆ ವರದಿ ಆಗಬೇಕು, ಹೆಸರು ಪಟ್ಟಿಯಿಂದ ಹೋಗಬೇಕು.

ಮೇಲಿನ ಕೊಠಡಿಯಲ್ಲಿ ಪರದೆ ಎಳೆದಿತ್ತು. ಉದ್ದದ ಮೇಜು, ಬಿಸ್ಕತ್ತಿನ ತಟ್ಟೆ, ಹಗ್ಗ ಕಟ್ಟಿದ ಕಡತಗಳು. ಪರೀಕ್ಷಾ ಮಂಡಳಿಯ ಕಾರ್ಯದರ್ಶಿ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದ. ಕೆಟ್ಟವನಲ್ಲ. ಜಗಳವೆಂದರೆ ದೂರ ಸರಿಯುವ ಮನುಷ್ಯ.

"ಹೇಳಿ ಮೇಡಂ, ಆ ಹುಡುಗ ಹೇಳೋದು ನಿಜವಾ?"

"ನಿಜ ಸರ್. ಪ್ರಶ್ನೆ ಸರಿಯಿದೆ, ಆಯ್ಕೆಗಳಲ್ಲಿ ಸರಿ ಉತ್ತರವೂ ಇದೆ. ಸಿ ಸರಣಿಯ ಕೀ ಮಾತ್ರ ತಪ್ಪು. ತಪ್ಪು ಮಾಡಿದ್ದು ನಾನು." ಚೀಟಿ, ಪೆನ್ಸಿಲಿನ ಸಾಲು, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ತೋರಿಸಿದಳು.

ಕಾರ್ಯದರ್ಶಿ ಎರಡು ಸಲ ನೋಡಿದ. ಮೂರನೇ ಸಲ ಬೆರಳಿಟ್ಟು ಎಣಿಸಿದ. "ಅಲ್ಲ, ಉಳಿದ ಮೂರರಲ್ಲಿ ಹೇಗೆ ಸರಿಹೋಯ್ತು?"

"ಅದೃಷ್ಟ."

"ಕುರುಡನ ಕಲ್ಲು ಮೂರು ಸಲ ಗುರಿ ಮುಟ್ಟಿತು ಅನ್ನಿ" ಎಂದರು ಮೇಷ್ಟ್ರು, ಬಿಸ್ಕತ್ತು ಟೀಯಲ್ಲಿ ಅದ್ದುತ್ತ.

"ನೀವು ಸುಮ್ನಿರಿ ಮೇಷ್ಟ್ರೇ." ಕಾರ್ಯದರ್ಶಿ ಕನ್ನಡಕ ಇಳಿಸಿದ. "ನೋಡಿ ಮೇಡಂ, ಯಾರಿಗೂ ನೋವಾಗದ ದಾರಿ ಒಂದಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪ್ರಶ್ನೆ ಅಸ್ಪಷ್ಟ ಅಂತ ಬರೆಯೋಣ. ಸರದಿಯ ಸಂಖ್ಯೆ ಬರೀಬೇಕೋ, ಹಂತದ ಸಂಖ್ಯೆ ಬರೀಬೇಕೋ ಅಂತ ಅಭ್ಯರ್ಥಿಗಳಿಗೆ ಗೊಂದಲ ಆಗಿರಬಹುದು. ಪ್ರಶ್ನೆ ರದ್ದು, ನಾಲ್ಕೂ ಸರಣಿಗೆ ಒಂದೊಂದು ಕೃಪಾಂಕ. ಎಲ್ಲರಿಗೂ ಸಿಕ್ಕಿದ ಮೇಲೆ ಯಾರೂ ಕೇಳಲ್ಲ."

"ಅಸ್ಪಷ್ಟ ಇಲ್ಲ ಸರ್. 'ಮೊದಲಿನಿಂದ ಕೊನೆಯವರೆಗೆ ಯಾವ ಕ್ರಮದಲ್ಲಿ ಬಳಸುತ್ತಾರೆ' ಅಂತಲೇ ಕೇಳಿದ್ದೀನಿ."

"ನಮಗೆ ಗೊತ್ತು. ಬರೆಯೋಕೆ ಅಡ್ಡಿ ಏನು?"

ಅವಳು ಕಡತದಿಂದ ಅಂಕಿಅಂಶದ ಹಾಳೆ ಎಳೆದುಕೊಂಡಳು. ಸಿ ಸರಣಿ ಬರೆದವರು ಸಾವಿರದ ಒಂಬೈನೂರು ಚಿಲ್ಲರೆ. ಅವರಲ್ಲಿ ಸಾವಿರದ ನೂರ ನಲವತ್ತು ಮಂದಿ ೩-೧-೪-೨ ಗುರುತು ಮಾಡಿದ್ದರು. ತಿಳಿದು ಬರೆದವರು. ಅವರಲ್ಲಿ ದೂರು ಹೇಳಿದವನು ಒಬ್ಬ.

"ಇವರಿಗೂ ಒಂದು ಅಂಕ, ಕೆಂಪು ಮೊದಲು ಹಾಕೋರಿಗೂ ಒಂದು ಅಂಕ" ಎಂದಳು.

"ಹೂಂ. ಸಮಾನತೆ."

"ಬಣ್ಣ ಹಚ್ಚೋ ಕೆಲಸಕ್ಕೇ ತಾನೆ ಇವರನ್ನ ತಗೊಳ್ತಿರೋದು."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅವರ ಬಿಸ್ಕತ್ತು ಲೋಟದೊಳಗೆ ಮುರಿದು ಬಿದ್ದಿತ್ತು.

"ಕೀ ತಿದ್ದಿ ಸರ್. ಸಿ ಸರಣಿ ಒಂದನ್ನ ಮತ್ತೆ ಯಂತ್ರಕ್ಕೆ ಹಾಕಿದ್ರೆ ಆಯ್ತು. ಅಂತಿಮ ಪಟ್ಟಿ ಇನ್ನೂ ಬಂದಿಲ್ಲ."

"ಯಂತ್ರಕ್ಕೆ ಅರ್ಧ ದಿನದ ಕೆಲಸ, ಗೊತ್ತು. ಕೀ ತಿದ್ದಿದ್ರೆ ಕಾರಣ ಬರೀಬೇಕು. ಕಾರಣ ಬರೆದ್ರೆ ನಿಮ್ಮ ಹೆಸರು ಬರೀಬೇಕು. ಮೂರು ವರ್ಷ ಪಟ್ಟಿಯಿಂದ ಹೊರಗೆ. ಆಮೇಲೆ ಯಾರು ಕರೀತಾರೆ? ಹದಿನಾಲ್ಕು ವರ್ಷದಲ್ಲಿ ಒಂದು ತಪ್ಪು. ನನಗೆ ಮನಸ್ಸು ಒಪ್ಪಲ್ಲ ಮೇಡಂ."

ಅದು ಸುಳ್ಳಾಗಿರಲಿಲ್ಲ. ಅವನಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಜೊತೆಗೆ, ತಾಳೆ ನೋಡಿದವರ ಸಾಲಿನಲ್ಲಿ ಅವನದೂ ಒಂದು ಸಹಿಯಿತ್ತು.

"ಅಮ್ಮಾ" ಎಂದರು ಮೇಷ್ಟ್ರು, ಮೊದಲ ಬಾರಿಗೆ ಹಾಗೆ ಕರೆದು. "ನಾನೂ ಒಂದು ಮಾತು ಹೇಳ್ತೀನಿ, ಬೈಬೇಡಿ. ನೀವು ಹೋದ್ರೆ ಮುಂದಿನ ಸಲ ಈ ಪ್ರಶ್ನೆ ಬರೆಯೋಕೆ ಬರೋನು ಬಾಯಿಪಾಠದ ಗಿರಾಕಿ. ಯಾರು ಯಾವಾಗ ಕಂಡುಹಿಡಿದರು, ಅಷ್ಟೇ ಕೇಳ್ತಾನೆ. ನನ್ನ ಥರದೋನು. ಹಂತ ಕೇಳೋರು ನೀವೊಬ್ರೇ ಇರೋದು."

ಈ ಮಾತು ನಾಟಿತು. ಕಾರ್ಯದರ್ಶಿಯ ಯಾವ ಮಾತೂ ಹೀಗೆ ನಾಟಿರಲಿಲ್ಲ. ಮುಂದಿನ ವರ್ಷಕ್ಕೆಂದು ಅವಳು ಆಗಲೇ ಮನಸ್ಸಿನಲ್ಲಿ ಹನ್ನೆರಡು ಪ್ರಶ್ನೆ ಹೆಣೆದಿಟ್ಟುಕೊಂಡಿದ್ದಳು. ರಕ್ತದ ಗುಂಪು ನೋಡುವುದು, ಉಪಕರಣ ಕ್ರಿಮಿಶುದ್ಧಿ ಮಾಡುವುದು, ಮಾದರಿ ತೆಗೆದು ಚೀಟಿ ಅಂಟಿಸುವುದು. ಅವನ್ನು ಇನ್ನೊಬ್ಬರು ಬರೆಯುವುದಿಲ್ಲ ಎನ್ನುವುದು ಅಹಂಕಾರವಲ್ಲ, ಅವಳಿಗೆ ಗೊತ್ತಿದ್ದ ಸಂಗತಿ. ಟೀ ಲೋಟದ ಮೇಲೆ ಕೆನೆ ಕಟ್ಟಿತ್ತು. ಅವಳು ಕುಡಿಯಲಿಲ್ಲ.

ಅವಳು ಒಪ್ಪಿದಳು ಎಂದುಕೊಂಡ ಕಾರ್ಯದರ್ಶಿ. ಕಡತದ ಅಡಿಯಿಂದ ಮೊದಲೇ ಬೆರಳಚ್ಚು ಮಾಡಿಸಿಟ್ಟಿದ್ದ ಹಾಳೆ ತೆಗೆದ. 'ಪ್ರಶ್ನೆ ಸಂಖ್ಯೆ ೪೭ ಅಸ್ಪಷ್ಟವಾಗಿರುವುದರಿಂದ' ಎಂದು ಶುರುವಾಗುತ್ತಿತ್ತು. ಕೆಳಗೆ ವಿಷಯ ತಜ್ಞರ ಸಹಿಗೆ ಗೆರೆ.

"ಇನ್ನೊಂದು ಮಾತು" ಎಂದ, ದನಿ ತಗ್ಗಿಸಿ. "ಮುಂದಿನ ವರ್ಷದ ಅಧ್ಯಕ್ಷರ ಹೆಸರು ಇದೇ ವಾರ ಕಳಿಸ್ತೀನಿ. ನಿಮ್ಮದೇ. ಕಳಿಸೋ ಮುಂಚೆ ಇದೊಂದು ಮುಗಿದುಹೋಗಲಿ. ಇಲ್ಲಿ, ಗೆರೆಯ ಮೇಲೆ."

ತನ್ನ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ಹಾಳೆಯ ಮೇಲೆ ಇಟ್ಟ.

ಅವಳು ಪೆನ್ನನ್ನು ಎತ್ತಿ, ಮುಚ್ಚಳ ಹಾಕಿ, ಅವನ ಕಡೆಗೆ ತಳ್ಳಿದಳು.

"ಆಗಲ್ಲ ಸರ್. ನಾನು ಇದಕ್ಕೆ ಸಹಿ ಹಾಕಲ್ಲ."