ಬೋರಲು ಹಾಕಿದ ಡ್ರಮ್ಮು

“ಡ್ರಮ್ಮು ಎಲ್ಲಿ ಹೋಯ್ತು? ಅದನ್ನ ಹೇಳು ಮೊದಲು.”

“ಯಾವ ಡ್ರಮ್ಮಯ್ಯಾ? ಡ್ರಮ್ಮು ಅಂತೆ ಡ್ರಮ್ಮು. ಮಧ್ಯಾಹ್ನ ವಿಚಾರಣೆ ಇದೆ, ನಿನಗೆ ಡ್ರಮ್ಮಿನ ಚಿಂತೆ.”

“ನಾನು ಹತ್ತಿದ ಡ್ರಮ್ಮು. ಬಣ್ಣದ ಖಾಲಿ ಡ್ರಮ್ಮು ಬೋರಲು ಹಾಕಿ ಹತ್ತಿದೆ ಅಂತ ಬಾಯಿ ಬಿಟ್ಟು ಹೇಳಿದ್ದೆ. ಈ ಹಾಳೇಲಿ ಇಲ್ಲ.”

ಕಾರ್ಮಿಕ ಸಂಘದ ಕಚೇರಿ ಎಂದರೆ ಒಂದೇ ಕೋಣೆ. ಮೇಜಿನ ಮೇಲೆ ಹಳೇ ಕಂಪ್ಯೂಟರು, ಪಕ್ಕದಲ್ಲಿ ಮುಚ್ಚಳ ತೆಗೆದಿಟ್ಟ ಇಂಕಿನ ಪ್ಯಾಡು. ಡ್ರಮ್ಮು ಕೇಳುತ್ತಿದ್ದ ಗಿಡ್ಡ ಆ ಹಾಳೆಗೆ ಹೆಬ್ಬೆಟ್ಟು ಒತ್ತಬೇಕಿತ್ತು. ಅವನಿಗೆ ಸಹಿ ಬರುತ್ತದೆ, ಕೈ ಬರುವುದಿಲ್ಲ ಅಷ್ಟೆ. ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು, ಎಡಗೈಯ ಹೆಬ್ಬೆರಳ ತುದಿ ಮಾತ್ರ ಹೊರಗಿತ್ತು. ಬಾಯ್ಲರ್ ಸಿಡಿದ ದಿನ ಬೆಂದ ಕೈಗಳು. ಜೊತೆಗಾರ ಉದ್ದನನ್ನು ಹೊರಗೆ ಎಳೆದು ತಂದ ಕೈಗಳು. ಎಳೆದು ತಂದನೇ ಹೊರತು ಉದ್ದ ಉಳಿಯಲಿಲ್ಲ.

ಉದ್ದನ ಹೆಂಡತಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಉದ್ದ, ಗಿಡ್ಡ ಇಬ್ಬರದೂ ಒಂದೇ ಪಾಳಿ. ಇಬ್ಬರನ್ನೂ ಸೇರಿಸಿ ಸಮ ಪಾಲು ಮಾಡಿದರೆ ಎರಡು ಸರಿಯಾದ ಆಳು ಆಗುತ್ತಾರೆ ಎಂದು ಎಲ್ಲರೂ ನಗುತ್ತಿದ್ದರು. ಈಗ ಆ ನಗೆಯೇ ಉದ್ದನ ಹೆಣದ ಮೇಲೆ ಬಂದು ಕೂತಿತ್ತು. ಬಾಯ್ಲರಿನ ಸೇಫ್ಟಿ ವಾಲ್ವನ್ನು ಯಾರೋ ತಂತಿಯಿಂದ ಬಿಗಿದು ಕಟ್ಟಿದ್ದರು. ಹಾಗೆ ಕಟ್ಟಿದರೆ ಒತ್ತಡ ಮಿತಿ ಮೀರಿದರೂ ವಾಲ್ವು ಏಳುವುದಿಲ್ಲ, ಉಗಿ ಹೊರಗೆ ಹೋಗುವುದಿಲ್ಲ, ಬಾಯ್ಲರ್ ಸಿಡಿಯುತ್ತದೆ. ಅಷ್ಟು ಎತ್ತರಕ್ಕೆ ಕೈ ಎಟುಕುವವನು ಉದ್ದನೊಬ್ಬನೇ, ಆದ್ದರಿಂದ ಕಟ್ಟಿದ್ದು ಅವನೇ ಎಂದು ಕಾರ್ಖಾನೆಯವರು ಗೇಟಿಗೇ ನೋಟೀಸು ಅಂಟಿಸಿದ್ದರು. ಸತ್ತವನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ?

“ನೀನು ಹೇಳಿದ್ದು ಫೋನಿನಲ್ಲಿ ಮಾತಿನಿಂದ ಬರಹ ಆಗಿ ಬಂದದ್ದು, ಗೊತ್ತಾ?” ಸಂಘದ ಕಾರ್ಯದರ್ಶಿ ಗದರಿದ. “ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಒಂದೂ ಇಲ್ಲ. ಮಾರುದ್ದ. ಅದನ್ನ ಹಾಗೇ ವಿಚಾರಣೆ ಅಧಿಕಾರಿ ಮುಂದೆ ಇಟ್ಟರೆ ಓದ್ತಾರೇನೋ? ಅದಕ್ಕೇ ಈ ಎಐಗೆ ಕೊಟ್ಟೆ.”

“ಕೊಟ್ಟು ಏನಂತ ಹೇಳಿದೆ?”

“ಏನೂ ಹೇಳಲಿಲ್ಲ. ಪೂರ್ತಿ ಅಂಟಿಸಿ ಒತ್ತಿದೆ ಅಷ್ಟೆ. ಅದೇ ಕೇಳ್ತು.”

“ಏನು ಕೇಳ್ತು?”

ಕಾರ್ಯದರ್ಶಿ ತಲೆ ಚಚ್ಚಿಕೊಂಡು ಪರದೆಯನ್ನು ಅವನ ಕಡೆ ತಿರುಗಿಸಿದ. “ನೋಡ್ಕೋ. ನಿನಗೆ ಓದು ಬರುತ್ತಲ್ಲ.”

ಗಿಡ್ಡ ಬಗ್ಗಿ ಓದಿದ. ಬೆಂಚಿನ ಮೇಲಿದ್ದವಳಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಓದಿದ.

“ಇದು ಬಾಯ್ಲರ್ ಅಪಘಾತದ ಬಗ್ಗೆ ಒಬ್ಬರು ಬಾಯಿಮಾತಿನಲ್ಲಿ ಹೇಳಿದ ವಿವರ ಎಂದು ಕಾಣುತ್ತದೆ. ಇದಕ್ಕೆ ಏನು ಮಾಡಬೇಕೆಂದು ನೀವು ಹೇಳಿಲ್ಲ. ಚಿಕ್ಕದಾಗಿ ಸಾರಾಂಶ ಬರೆಯಲೇ? ಬೇರೆ ಭಾಷೆಗೆ ಅನುವಾದಿಸಲೇ? ಅಥವಾ ಹೇಳಿದವರ ಮಾತನ್ನು ಹಾಗೇ ಉಳಿಸಿ ತಪ್ಪುಗಳನ್ನು ಮಾತ್ರ ತಿದ್ದಲೇ? ಬೇರೇನಾದರೂ ಬೇಕಿದ್ದರೆ ತಿಳಿಸಿ.”

ಗಿಡ್ಡ ನೆಟ್ಟಗೆ ನಿಂತ. “ಇಷ್ಟು ಚೆನ್ನಾಗಿ ಕೇಳಿದೆಯಲ್ಲ.”

“ಕೇಳ್ತು. ಸಾರಾಂಶ ಅಂದೆ. ಒಂದು ಪುಟ, ಯಾರ ಹೆಸರೂ ಬೇಡ, ನಾವು ಕೆಲಸಗಾರರು ಅಂತಲೇ ಇರಲಿ ಅಂದೆ.”

“ಅದು ನಿನ್ನ ಕೇಳ್ತು. ನೀನು ನನ್ನ ಯಾಕಣ್ಣ ಕೇಳಲಿಲ್ಲ? ಮಾತು ನನ್ನದು ತಾನೆ?”

ಕಾರ್ಯದರ್ಶಿ ದನಿ ಏರಿಸಿದ. “ಸಂಘದ ಅರ್ಜಿಯಲ್ಲಿ ಯಾವತ್ತಾದರೂ ಒಬ್ಬನ ಹೆಸರು ಬರೆದಿದ್ದೀವಾ? ಹೆಸರು ಕಂಡರೆ ಅವನೊಬ್ಬನನ್ನೇ ಹಿಡಿದು ಹಿಂಡ್ತಾರೆ. ನಾವು ಕೆಲಸಗಾರರು ಅಂದರೆ ಯಾರನ್ನ ಹಿಡೀತಾರೆ? ನಿನ್ನನ್ನ ಎರಡು ಸಲ ಕೆಲಸದಲ್ಲಿ ಉಳಿಸಿದ್ದು ಅದೇ ಮಾತು. ಮರೆತೆಯಾ?”

ಸುಳ್ಳಲ್ಲ. ಆ ಸಂಘ ಬದುಕಿದ್ದೇ ಆ ಪದ್ಧತಿಯ ಮೇಲೆ. ಕಾರ್ಯದರ್ಶಿ ಒರಟ, ಆದರೆ ಕಳ್ಳನಲ್ಲ.

“ಮರೆತಿಲ್ಲ. ಈಗ ನೀನೇ ಓದು ಇದನ್ನ.” ಗಿಡ್ಡ ಬ್ಯಾಂಡೇಜಿನ ಕೈಯಿಂದಲೇ ಹಾಳೆಯನ್ನು ಮೇಜಿನ ಮೇಲೆ ತಳ್ಳಿದ. “ಫೋರ್‌ಮನ್ ಹೇಳಿದ್ದಕ್ಕೆ ಆ ಪಾಳಿಯ ಕೆಲಸಗಾರರಾದ ನಾವು ವಾಲ್ವಿಗೆ ತಂತಿ ಕಟ್ಟಿದೆವು ಅಂತಿದೆ. ಆ ಪಾಳಿಯಲ್ಲಿ ಬಾಯ್ಲರ್ ಹತ್ತಿರ ಇದ್ದದ್ದು ಎಷ್ಟು ಜನ? ನಾನು, ಅವನು. ಕಾರ್ಖಾನೆಯವರು ಏನಂತಾರೆ? ಕೈ ಎಟುಕೋದು ಉದ್ದನಿಗೆ ಮಾತ್ರ ಅಂತಾರೆ. ಎರಡೂ ಸೇರಿಸು. ನಾವೇ ಕೈಯಾರೆ ಅವನ ಕುತ್ತಿಗೆಗೆ ತಂತಿ ಬಿಗಿದ ಹಾಗಾಯ್ತು.”

ಉದ್ದನ ಹೆಂಡತಿ ಮೊದಲ ಸಲ ಮಾತಾಡಿದಳು. “ನೀನು ಹೇಳಿದ್ದು ಏನು? ಪೂರ್ತಿ ಹೇಳು. ನನಗೆ ಯಾರೂ ಹೇಳಿಲ್ಲ.”

ಗಿಡ್ಡ ಅವಳ ಕಡೆ ತಿರುಗಿದ.

“ಅತ್ತಿಗೆ, ವಾಲ್ವಿನಿಂದ ಉಗಿ ಸೋರ್ತಿತ್ತು. ಬಣ್ಣ ಹತ್ತುತ್ತಿಲ್ಲ, ಕಟ್ಟು ಅಂದ ಫೋರ್‌ಮನ್. ಅಣ್ಣ ಆಗಲ್ಲ ಅಂದು ನೀರಿನ ಪಂಪಿನ ಕಡೆ ಹೊರಟುಹೋದ. ನಾನು ಹೆದರಿದೆ. ಡ್ರಮ್ಮು ಬೋರಲು ಹಾಕಿದೆ, ಹತ್ತಿದೆ, ಕಟ್ಟಿದೆ. ಅಣ್ಣ ವಾಪಸು ಬಂದು ಒತ್ತಡದ ಮುಳ್ಳು ಎಲ್ಲಿಗೆ ಏರಿದೆ ಅಂತ ನೋಡಿದ. ಓಡು ಅಂತ ನನ್ನ ಹೊರಗೆ ನೂಕಿ, ಕಟರ್ ತಗೊಂಡು ತಾನು ಒಳಗೆ ನಿಂತ. ಅವನಿಗೆ ಡ್ರಮ್ಮು ಬೇಕಾಗಲಿಲ್ಲ. ಕಟ್ಟಿದವನು ನಾನು, ಬಿಚ್ಚೋಕೆ ಹೋದವನು ಅವನು.”

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಳು, ಬೆರಳು ಬಿಳಿಚಿಕೊಳ್ಳುವವರೆಗೂ.

“ಇದನ್ನ ಹೀಗೇ ಹೇಳಿದರೆ ಫೋರ್‌ಮನ್ ನಾನು ಹೇಳೇ ಇಲ್ಲ ಅಂತಾನೆ,” ಕಾರ್ಯದರ್ಶಿಯ ದನಿ ಇಳಿದಿತ್ತು. “ನೀನೊಬ್ಬನೇ ಸಿಕ್ಕಿಬೀಳ್ತೀಯ. ಕೆಲಸ ಹೋಗುತ್ತೆ, ಜೈಲಾದರೂ ಆಗಬಹುದು. ಸತ್ತವನಿಗೆ ಏನು ಮಾಡ್ತಾರೆ ಅವರು? ನಿನಗೆ ಮಾಡ್ತಾರೆ.”

“ಸತ್ತವನಿಗೆ ಏನೂ ಮಾಡಲ್ಲ,” ಅಂದಳು ಉದ್ದನ ಹೆಂಡತಿ. “ಆ ನೋಟೀಸು ಅಂಟಿಸಿರೋ ಗೇಟಿನ ಮುಂದೆ ದಿನಾ ನಡೆಯೋದು ನಾನು, ನನ್ನ ಮಗಳು.”

ಕಾರ್ಯದರ್ಶಿ ಪರದೆಯ ಕಡೆ ಮುಖ ತಿರುಗಿಸಿದ, ಮೇಲಕ್ಕೂ ಕೆಳಕ್ಕೂ ಸರಿಸಿದ. ಬೆಳಿಗ್ಗೆ ಅವಸರದಲ್ಲಿ ಸಾರಾಂಶವನ್ನಷ್ಟೇ ನಕಲು ಮಾಡಿ ಅಚ್ಚು ತೆಗೆದಿದ್ದ. ಅದರ ಕೆಳಗೆ ಎಐ ಬರೆದ ಇನ್ನೂ ಎರಡು ಸಾಲಿತ್ತು. ಈಗ ಓದಿದ: ಹೆಸರು ತೆಗೆದದ್ದರಿಂದ ತಂತಿ ಕಟ್ಟಿದ್ದು ಯಾರೆಂಬುದು ಅಸ್ಪಷ್ಟವಾಗಿದೆ, ಮೂಲದಲ್ಲಿ ಹೇಳಿದವರು ತಾವೇ ಕಟ್ಟಿದ್ದಾಗಿ ಸ್ಪಷ್ಟವಾಗಿ ಹೇಳಿದ್ದಾರೆ, ಇದನ್ನು ಅವರ ಹೇಳಿಕೆಯಾಗಿ ಕೊಡುವುದಿದ್ದರೆ ಮೊದಲು ಅವರಿಗೇ ತೋರಿಸಿ.

ಓದಿದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ. “ಇರು,” ಅಂದ. “ನಿನ್ನ ಮಾತು ಹಾಗೇ ಇಟ್ಟು ಬರೀ ತಪ್ಪು ತಿದ್ದು ಅಂತ ಹೇಳ್ತೀನಿ. ಚಿಟಿಕೆ ಹೊಡೆಯೋದರಲ್ಲಿ ಆಗುತ್ತೆ. ಡ್ರಮ್ಮು ಬರುತ್ತೆ, ಎಲ್ಲ ಬರುತ್ತೆ. ಅದನ್ನ ಓದಿ ಆಮೇಲೆ ಒತ್ತು.”

“ಬೇಡಣ್ಣ.”

“ಯಾಕೋ? ನೀನು ಕೇಳಿದ್ದೇ ಅದು ತಾನೆ?”

“ಕೈಯಿಲ್ಲ ಅಂತ ಫೋನಿಗೆ ಹೇಳಿದೆ. ಬಾಯಿಗೆ ಏನಾಗಿದೆ ನನಗೆ? ಅಧಿಕಾರಿ ಎದುರು ನಿಂತು ಹೇಳ್ತೀನಿ. ಹಾಳೆ ಮುಂದಿಟ್ಟರೆ ಮತ್ತೆ ಯಾರಾದರೂ ಸಣ್ಣದು ಮಾಡ್ತಾರೆ.”

“ಒಬ್ಬನೇ ಹೋಗಬೇಡ. ಸಂಘ ಇರೋದು ಯಾತಕ್ಕೆ?”

“ಡ್ರಮ್ಮು ಹತ್ತಿದಾಗಲೂ ನಾನು ಒಬ್ಬನೇ.”

ಗಿಡ್ಡ ಬಾಗಿಲ ಹತ್ತಿರ ಹೋಗಿ ನಿಂತ. ಬಾಗಿಲಿಗೆ ದುಂಡನೆ ಹಿಡಿ, ತಿರುಗಿಸಬೇಕು. ಎರಡು ಬ್ಯಾಂಡೇಜುಗಳ ನಡುವೆ ಹಿಡಿದು ನೋಡಿದ, ಜಾರಿತು. ನೋವಿಗೆ ಹಲ್ಲು ಕಚ್ಚಿದ. ಕಾರ್ಯದರ್ಶಿ ಕುರ್ಚಿಯಿಂದ ಅರ್ಧ ಎದ್ದವನು ಅರ್ಧಕ್ಕೇ ನಿಂತ.

ಉದ್ದನ ಹೆಂಡತಿ ಎದ್ದು ಹೋಗಿ ಹಿಡಿ ತಿರುಗಿಸಿ ಬಾಗಿಲು ತೆಗೆದಳು. ಅವನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ, ಮುಖವನ್ನೂ ನೋಡಲಿಲ್ಲ. ಬಾಗಿಲನ್ನು ಹಿಡಿದು ಪಕ್ಕಕ್ಕೆ ನಿಂತಳು, ಅಷ್ಟೆ. ಅವನು ತಲೆ ತಗ್ಗಿಸಿ ಅವಳ ಮುಂದೆ ಹಾದು ಹೊರಗೆ ಹೋದ.

ಕಿಟಕಿಯಿಂದ, ವಿಚಾರಣೆ ನಡೆಯಲಿದ್ದ ಎದುರಿನ ಕಟ್ಟಡ ಕಾಣುತ್ತಿತ್ತು. ಗಿಡ್ಡ ರಸ್ತೆ ದಾಟಿದ. ಅಲ್ಲಿಯ ದೊಡ್ಡ ಬಾಗಿಲನ್ನು ಭುಜದಿಂದ ನೂಕಿ ಒಳಗೆ ಹೋದ.

ಕಾರ್ಯದರ್ಶಿ ಸಂಜೆಯವರೆಗೂ ಇಂಕಿನ ಪ್ಯಾಡಿನ ಮುಚ್ಚಳ ಹಾಕಲಿಲ್ಲ. ಹಾಳೆಗೆ ಹೆಬ್ಬೆಟ್ಟು ಒತ್ತಲು ಗಿಡ್ಡ ತಿರುಗಿ ಬರಲಿಲ್ಲ.