ಸ್ವಾಗತಕ್ಕೆ ನಲವತ್ತು ಸೆಕೆಂಡು

ನಮ್ಮ ಕಾಲೇಜಿನಲ್ಲಿ ಮೂರು ನಿಮಿಷದಲ್ಲಿ ಒಂದು ತರಗತಿಯ ಹಾಜರಿ ಕೂಗಿ ಮುಗಿಯುವುದಿಲ್ಲ. ಅಂಥವರು 2008ರಲ್ಲಿ, ಲ್ಯಾಬಿನಲ್ಲಿ ಮಾಡಿದ್ದನ್ನು ತೀರ್ಪುಗಾರರಿಗೆ ತೋರಿಸುವ ಡೆಮೋ ಡೇ ಇಟ್ಟರು. ಮೂರು ನಿಮಿಷದ ಪಿಚ್, ಗಂಟೆ ಹೊಡೆದರೆ ಮೈಕ್ ಬಂದ್. ಗೆದ್ದ ಒಂದು ತಂಡಕ್ಕೆ ಮಾತ್ರ ಮುಂದಿನ ವರ್ಷವೂ ಲ್ಯಾಬು. ಉಳಿದವರು ಗಂಟುಮೂಟೆ ಕಟ್ಟಬೇಕು.

ನಮ್ಮ ತಂಡದಲ್ಲಿ ಕೆಲಸವೆಲ್ಲ ಭಾಗ್ಯಳದ್ದು. ರಸ್ತೆಯ ಹೆಸರು ಎಸ್ಸೆಮ್ಮೆಸ್ ಮಾಡಿದರೆ, ಕಾವೇರಿ ನೀರು ಯಾವಾಗ ಬಿಡುತ್ತಾರೆಂದು ಲ್ಯಾಬಿನಲ್ಲಿದ್ದ ಅವಳ ಕಂಪ್ಯೂಟರು ಉತ್ತರಿಸುತ್ತಿತ್ತು. ಹನುಮಂತನಗರದ ಅವಳ ಬೀದಿಯ ಹೆಂಗಸರು ರಾತ್ರಿಯೆಲ್ಲ ನೀರಿಗೆ ಕಾಯುವುದು ಬಿಟ್ಟು, ಅದನ್ನು ನಂಬಿ ನಿದ್ದೆ ಮಾಡತೊಡಗಿದ್ದರು. ಮಾತು ವಾದಿರಾಜನದ್ದು. ಗಡಿಯಾರ ನನ್ನದು.

ನಾನು ಮೂರು ನಿಮಿಷವನ್ನು ಬೋರ್ಡಿನ ಮೇಲೆ ಹಂಚಿದೆ: ಸಮಸ್ಯೆಗೆ ಮೂವತ್ತು ಸೆಕೆಂಡು, ಡೆಮೋಗೆ ಎಪ್ಪತ್ತು, ದುಡ್ಡು ಎಲ್ಲಿಂದ ಬರುತ್ತದೆನ್ನುವುದಕ್ಕೆ ಮೂವತ್ತು, ತಂಡಕ್ಕೆ ಇಪ್ಪತ್ತು, ನಮಗೇನು ಬೇಕೆನ್ನುವುದಕ್ಕೆ ಇಪ್ಪತ್ತು, ಉಸಿರಾಡಲು ಹತ್ತು. ಉತ್ತರ ಬರಲು ಅರ್ಧ ನಿಮಿಷ ಬೇಕಿತ್ತು. ತೀರ್ಪುಗಾರರ ಫೋನಿನಿಂದಲೇ ಕಳಿಸಿ ತೋರಿಸಬೇಕೆಂದು ಭಾಗ್ಯಳ ಆಸೆ.

ನಮ್ಮ ಎಚ್‌ಒಡಿ ಚಂದ್ರಶೇಖರಯ್ಯನವರು ಬಂದು ಬೋರ್ಡು ನೋಡಿದರು.

“ಸ್ವಾಗತ ಎಲ್ಲಮ್ಮಾ?”

“ಪಿಚ್‌ನಲ್ಲಿ ಸ್ವಾಗತ ಇರಲ್ಲ ಸರ್,” ಎಂದೆ.

“ಪ್ರಿನ್ಸಿಪಾಲ್ರು, ಟ್ರಸ್ಟಿಗಳು ಎಲ್ಲಾ ಕೂತಿರ್ತಾರೆ. ಹೆಸರು ಹೇಳ್ದೆ ಶುರು ಮಾಡ್ತೀರಾ?”

ಸ್ವಾಗತಕ್ಕೆ ನಲವತ್ತು, ವಂದನಾರ್ಪಣೆಗೆ ಇಪ್ಪತ್ತು ಎಂದು ತಾವೇ ಬರೆದರು. ಡೆಮೋದ ಎಪ್ಪತ್ತನ್ನು ಅಂಗೈಯಿಂದ ಒರೆಸಿ ಹತ್ತು ಮಾಡಿದರು. ನನಗೆ ಮೈಯೆಲ್ಲ ಉರಿಯಿತು. ವಾದಿರಾಜ ಮಾತ್ರ “ಓಕೆ ಸರ್” ಅಂದ.

ಭಾಗ್ಯ ಯೋಚಿಸಿ ಹೇಳಿದಳು: “ಸ್ವಾಗತ ಶುರುವಾದಾಗ್ಲೇ ನನ್ನ ಫೋನಿಂದ ಮೆಸೇಜ್ ಕಳಿಸ್ಬಿಡ್ತೀನಿ. ಹೆಸರು ಮುಗಿಯೋಷ್ಟ್ರಲ್ಲಿ ಉತ್ತರ ಬಂದಿರುತ್ತೆ. ಹತ್ತು ಸೆಕೆಂಡ್‌ನಲ್ಲಿ ತೋರಿಸ್ಬಹುದು.”

ಡೆಮೋ ಡೇ ದಿನ ಹಾಗೆಯೇ ಕಳಿಸಿ, ಫೋನನ್ನು ಮೈಕಿನ ಪಕ್ಕ ಇಟ್ಟಳು. ಉತ್ತರ ಬಂತು. ಸರಿಯಾಗಿ ಟ್ರಸ್ಟಿನ ಅಧ್ಯಕ್ಷರ ಹೆಸರಿನ ನಡುವೆ ಬಂತು. ಬೀಪ್ ಶಬ್ದ ಸಭಾಂಗಣಕ್ಕೆಲ್ಲ ಕೇಳಿಸಿತು. ಮುಂದಿನ ಸಾಲಿನಲ್ಲಿ ಚಂದ್ರಶೇಖರಯ್ಯನವರು ಕಣ್ಣು ಕೆಂಪಗೆ ಮಾಡಿದರು. ವಾದಿರಾಜ ಫೋನು ಆಫ್ ಮಾಡಿ, ಕ್ಷಮೆ ಕೇಳಿ, “ಗೌರವಾನ್ವಿತ...” ಎಂದು ಮೊದಲ ಹೆಸರಿನಿಂದ ಮತ್ತೆ ಶುರುಮಾಡಿದ.

ಡೆಮೋ ಸರದಿ ಬಂದಾಗ ಭಾಗ್ಯ ಫೋನು ಆನ್ ಮಾಡಿದಳು. ಫೋನಿನ ಪರದೆಯ ಮೇಲೆ, ಆನ್ ಆಗುವಾಗ ಬರುವ ಆ ಎರಡು ಕೈಗಳು ಮೆಲ್ಲಗೆ ಒಂದನ್ನೊಂದು ಹಿಡಿಯುತ್ತಿದ್ದವು. ಅವು ಹಿಡಿಯುವ ಮೊದಲೇ ವಾದಿರಾಜ ಮುಂದಕ್ಕೆ ಹೋಗಿದ್ದ. ಎರಡು ಸಲದ ಸ್ವಾಗತ ನುಂಗಿದ ಹೊತ್ತನ್ನು ಸರಿದೂಗಿಸಲು ದುಡ್ಡು, ತಂಡ ಎಲ್ಲ ಹಾರಿಸಿ ವಂದನಾರ್ಪಣೆಗೆ ಬಂದಿದ್ದ. ಗಂಟೆ ಹೊಡೆಯಿತು. ಒಬ್ಬ ತೀರ್ಪುಗಾರರು ಪಕ್ಕದವರನ್ನು ಕೇಳಿದರು: “ಇವ್ರು ಮಾಡಿರೋದೇನು?”

ಗೆದ್ದವರು ಬೇರೆಯವರು, ಲ್ಯಾಬೂ ಅವರಿಗೇ. ಹೊರಗೆ ಚಂದ್ರಶೇಖರಯ್ಯನವರು ವಾದಿರಾಜನ ಬೆನ್ನು ತಟ್ಟಿದರು. “ಭೇಷ್, ಒಬ್ಬರ ಹೆಸರೂ ಬಿಡ್ಲಿಲ್ಲ.” ಅವನು ಹಲ್ಲು ಕಿರಿದ. ಅವರಿಬ್ಬರಿಗೂ ಬೆನ್ನು ಮಾಡಿ ನಾನು ಭಾಗ್ಯಳ ಹತ್ತಿರ ಹೋದೆ.

ಭಾಗ್ಯಳ ಫೋನಿನಲ್ಲಿ ಉತ್ತರ ಇನ್ನೂ ಇತ್ತು: ನಾಳೆ ಬೆಳಗಿನ ಜಾವ ನಾಲ್ಕಕ್ಕೆ ನೀರು.

“ಬೀದಿಯವ್ರಿಗೆಲ್ಲ ಹೇಳ್ಬೇಕು ಕಣೇ ತನ್ಮಯಿ,” ಎಂದಳು. “ಇನ್ಮೇಲೆ ಮತ್ತೆ ಎದ್ದು ಕಾಯ್ಕೊಂಡು ಕೂತ್ಕೊಳ್ಳಿ ಅಂತ.”