ಅಂಚಿನ ಬೆಳಕು

ಬೆಳಕು ಕೊಡುವವನು ಭಗವಂತ, ಅದನ್ನು ಅಳತೆ ತಪ್ಪದೆ ಹಿಡಿಯುವುದಷ್ಟೇ ನಮ್ಮ ಪಾಲಿನ ಕೆಲಸ ಎಂದು ನಂಬಿ ಬದುಕಿದವನು ಅಣ್ಣ. ಆ ಅಳತೆ ಅವನ ಕೈತಪ್ಪುತ್ತಿರುವುದು ಮೊದಲು ಕಣ್ಣಿಗೆ ಬಿದ್ದದ್ದು ತಂಗಿಗೆ.

ಔಷಧಿ ಅಂಗಡಿಯ ಮಹಡಿಯ ಮೇಲೆ ಅವರದೊಂದು ಸಣ್ಣ ಸ್ಟುಡಿಯೋ. ಅಣ್ಣ ಫೋಟೋ ತೆಗೆಯುತ್ತಿದ್ದ, ತಂಗಿ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಳು. ಈ ಸಲ ಅಣ್ಣ ತೆಗೆದು ತಂದದ್ದು ನದಿಯ ದಂಡೆಯಲ್ಲಿ ನಿಂತ ಮುದಿ ದಂಪತಿಯ ಚಿತ್ರ. ಗೋಡೆಯಗಲ ಮಾಡಿಕೊಡಿ ಎಂದು ಅವರ ಮಗಳು ಹೇಳಿ ಹೋಗಿದ್ದಳು. ಚಿತ್ರದಲ್ಲಿ ಆಕಾಶವೇ ಇರಲಿಲ್ಲ. ಬೆಳಕು ಮಿತಿಮೀರಿ ನುಗ್ಗಿ, ಮೋಡವೆಲ್ಲ ಸುಟ್ಟು, ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ನಿಂತಿತ್ತು. ಎಷ್ಟು ಕಪ್ಪು ಮಾಡಿದರೂ ಅಲ್ಲಿಂದ ಒಂದು ಎಳೆ ಮೋಡವೂ ಏಳಲಿಲ್ಲ. ಕ್ಯಾಮೆರಾ ಹಿಡಿಯದೇ ಇದ್ದದ್ದನ್ನು ತಿದ್ದುವವರು ಎಲ್ಲಿಂದ ತರಬೇಕು? ಹೀಗಾದದ್ದು ಈಚೆಗೆ ಇದೇ ಮೊದಲೂ ಅಲ್ಲ.

ಬೇರೆ ದಾರಿ ಕಾಣದೆ ಸಂಜೆಯ ಆಕಾಶವೊಂದನ್ನು ತಂದು ಹಿಂದೆ ಕೂರಿಸಿದಳು. ಕೂರಿಸಿದ್ದೇ ತಡ, ಇಬ್ಬರ ತಲೆ, ಭುಜದ ಸುತ್ತ ಸೀಮೆಸುಣ್ಣದಲ್ಲಿ ಗೀರಿದಂತೆ ಬಿಳಿ ಅಂಚು ಹೊಳೆಯಿತು. ಹಳೆಯ ಆಕಾಶದ ಬೆಳಕು ಕೂದಲ ಎಳೆಎಳೆಗೂ ಅಂಟಿಕೊಂಡಿತ್ತು. ಅಂಥದ್ದು ಕಂಡರೆ ಅಣ್ಣ ಹಿಂದೆಲ್ಲ ದೂರದಿಂದಲೇ, “ಇವ್ರೇನು ಟ್ಯೂಬ್‌ಲೈಟ್ ನುಂಗಿದಾರೇನೇ?” ಎಂದು ಕಾಲೆಳೆಯುತ್ತಿದ್ದ. ಅಂಚು ನೋಡುವುದನ್ನು ಅವಳಿಗೆ ಕಲಿಸಿದವನೇ ಅವನು.

ಅಣ್ಣ ಏನನ್ನುತ್ತಾನೋ ನೋಡೋಣವೆಂದು ಅವಳು ಅದನ್ನು ಹಾಗೆಯೇ ದೊಡ್ಡದಾಗಿ ಅಚ್ಚು ತೆಗೆದು ಮೇಜಿನ ಮೇಲಿಟ್ಟಳು. ಅಣ್ಣ ಬಂದ, ಬಾಗಿ ನೋಡಿದ, ಚೆನ್ನಾಗಿದೆ, ಚೌಕಟ್ಟು ಹಾಕಿಸು ಎಂದು ಹೇಳಿ ಒಳಗೆ ಹೋದ. ಅಷ್ಟು ಹೊಳೆಯುವ ಅಂಚು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮಾರನೆಯ ದಿನ ಅಣ್ಣ ಒಂದು ಮದುವೆಯ ಫೋಟೋ ತೆಗೆಯಲು ಹೋಗಬೇಕಿತ್ತು. ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಅಲ್ಲಿ ಮುಖವೇ ಸುಟ್ಟುಹೋದರೆ ಯಾವ ಆಕಾಶ ತಂದು ಮುಚ್ಚುವುದು?

ಅಂದು ಮಧ್ಯಾಹ್ನವೆಲ್ಲ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಅಂಚನ್ನು ಸುಮ್ಮನೆ ಒಳಕ್ಕೆ ಕೊರೆದರೆ ಮುದುಕಿಯ ತೆಳ್ಳನೆಯ ಕೂದಲೇ ಮಾಯವಾಗುತ್ತಿತ್ತು. ಯಾವುದು ನರೆ, ಯಾವುದು ಸೋರಿದ ಬೆಳಕು ಎಂದು ಒಂದೊಂದೇ ಎಳೆ ಬಿಡಿಸಿ, ಅಂಚಿಗೆ ಮಾತ್ರ ಹೊಸ ಆಕಾಶದ ಬಣ್ಣ ಹಿಡಿಸಿದಳು. ಅಷ್ಟಾದರೂ ಇಬ್ಬರೂ ಕತ್ತರಿಸಿ ಅಂಟಿಸಿದ ಬೊಂಬೆಗಳಂತೆಯೇ ಕಂಡರು. ತಲೆಯ ಮೇಲೆ ಸಂಜೆ, ಮುಖದ ಮೇಲೆ ನಡುಹಗಲು! ಮೂಗಿನ ನೆರಳು ಬಲಕ್ಕೆ ಬಿದ್ದಿತ್ತು. ಆದ್ದರಿಂದ ಆಕಾಶವನ್ನು ಎಡಬಲ ಮಗುಚಿ ಸೂರ್ಯನನ್ನು ಎಡಕ್ಕೆ ತಂದಳು. ಒಟ್ಟು ಬೆಳಕು ತಗ್ಗಿಸಿದಳು. ಎಡಗೆನ್ನೆ, ಎಡತೋಳಿಗೆ ಬಿಸಿಲಿನ ಹೊಂಬಣ್ಣ ಸವರಿ, ಬಲಮಗ್ಗುಲಿನ ನೆರಳಿಗೆ ತುಸು ನೀಲಿ ಬೆರೆಸಿದಳು. ಆಗ ಆ ಜೀವಗಳೆರಡೂ ನಿಜವಾಗಿ ಆ ಸಂಜೆಯೊಳಗೆ ಬಂದು ನಿಂತವು.

ಅದನ್ನೂ ಅಚ್ಚು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ಅಣ್ಣನನ್ನು ಕರೆದಳು. ಯಾವುದು ಕೊಡೋಣ ಎಂದು ಕೇಳಿದಳು. ಅವನು ಕನ್ನಡಕ ಒರೆಸಿದ, ಹತ್ತಿರ ಹಿಡಿದ, ದೂರ ಹಿಡಿದ. ಎರಡನೆಯದು ತೀರಾ ಮಬ್ಬಾಯಿತು ಎಂದು ಮೊದಲಿನದನ್ನೇ ಮುಂದಕ್ಕೆ ಸರಿಸಿದ.

“ಅಣ್ಣಾ, ಅದರ ಅಂಚು ಹೊಳೀತಿದೆ.”

ಅವನು ಆ ಚಿತ್ರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಕೈ ಚಾಚಿದ. “ಎಲ್ಲಿ? ಬೆರಳಿಟ್ಟು ತೋರ್ಸು.”

ಅವಳು ಅವನ ತೋರುಬೆರಳು ಹಿಡಿದು ಮುದುಕಿಯ ತಲೆಯ ಸುತ್ತ ನಿಧಾನವಾಗಿ ಓಡಿಸಿದಳು. ಕಾಗದ ನುಣ್ಣಗಿತ್ತು; ಬೆರಳಿಗೆ ಏನೂ ತಗಲಲಿಲ್ಲ.

“ನಂಗೆ ಈಗ ಎಲ್ಲದರ ಸುತ್ತಾನೂ ಹಂಗೇ ಕಾಣೋದು ಕಣೇ,” ಅಂದ. “ದೀಪದ ಸುತ್ತ, ಕಿಟಕಿ ಸುತ್ತ. ನಿನ್ನ ತಲೆ ಸುತ್ತಾನೂ ಇದೆ. ದೇವರ ಪಟದಲ್ಲಿ ಇರತ್ತಲ್ಲ, ಹಂಗೆ. ನೀನು ಅಷ್ಟು ಒಳ್ಳೆಯವಳಲ್ಲ ಅಂತ ಗೊತ್ತಿದ್ರೂ.”

ಅವಳಿಗೆ ನಗು ಬರಲಿಲ್ಲ. ಉಳಿದದ್ದನ್ನು ಅವನೇ ಹೇಳಿದ. ಕಣ್ಣಿನೊಳಗೆ ಒತ್ತಡ ಏರಿದೆಯಂತೆ. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಕ್ಯಾಮೆರಾದ ಪರದೆ ಮಂಕಾಗಿ ಕಂಡಾಗಲೆಲ್ಲ ಬೆಳಕು ಸಾಲದೆಂದು ಏರಿಸುತ್ತ ಹೋಗಿದ್ದ. ಬೆಳಕು ಅಳೆದು ಕ್ಯಾಮೆರಾ ತೋರಿಸುವ ಅಂಕಿ ಬೇರೆ ಹೇಳುತ್ತಿದ್ದರೂ ನಂಬಿದ್ದು ಮಾತ್ರ ಕಣ್ಣನ್ನೇ.

“ನಾಳೆ ನಾನೂ ಬರ್ತೀನಿ, ಬೆಳಕು ನಾನು ನೋಡ್ಕೋತೀನಿ,” ಎಂದಳು.

“ಬೇಡ. ನೀನೊಬ್ಳೇ ಹೋಗು. ನಾನಿದ್ರೆ ನನ್ನ ಮಾತು ಮೀರೋಕೆ ನಿಂಗಾಗಲ್ಲ.”

ಮದುವೆ ಮನೆಯವರಿಗೆ ಅವನೇ ಫೋನ್ ಮಾಡಿದ. ತಂಗಿಯನ್ನು ಕಳಿಸುತ್ತೇನೆ, ಅವಳ ಕಣ್ಣು ನನ್ನದಕ್ಕಿಂತ ಚುರುಕು ಎಂದ. ವಿನಯಕ್ಕೆ ಹೇಳಿದನೆಂದು ತಿಳಿದು ಆ ಕಡೆಯವರು ನಕ್ಕರು. ಅವನೂ ಸೌಜನ್ಯಕ್ಕೆ ನಕ್ಕ.

ತಂಗಿ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಮುದುಕನ ಕಿವಿಯ ಹಿಂದೆ ಇನ್ನೊಂದಿಷ್ಟು ಅಂಚು ಉಳಿದಿತ್ತು. ಅಣ್ಣ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಪರದೆಯ ಕಡೆಗೇ ಮುಖ ಮಾಡಿ ಕೂತ. ಏನು ಕಾಣುತ್ತಿದೆ ಎಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.